ನೆತ್ತಿ ತೆಳುವಾಗಿದೆ, ಯಾವ ಕಟಿಂಗ್ ಮಾಡಿಸಲಿ? ಐವತ್ತು ದಾಟಿದ ಗಂಡಸರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳು ಒಂದು ಬಗೆಯ ತಲೆಗೆ ಮಾತ್ರ: ಮುಂದಲೆಯಲ್ಲಿ ಕೂದಲು ಸಾಕಷ್ಟಿದೆ, ಕಿವಿಯ ಮೇಲೆ ಮತ್ತು ಹಿಂದೆ ದಟ್ಟವಾಗಿಯೇ ಇದೆ, ಆದರೆ ನೆತ್ತಿಯ ಸುಳಿಯ ಸುತ್ತ ಅಂಗೈಯಗಲದೊಳಗೆ ಬುರುಡೆ ಕಾಣತೊಡಗಿದೆ. ಐವತ್ತರ ಆಸುಪಾಸಿನಲ್ಲಿ ಬಹಳ ಜನರ ತಲೆ ಹೀಗೇ ಇರುತ್ತದೆ. ಈ ಹಂತದಲ್ಲಿ ಕತ್ತರಿಯಿಂದ ಆಗುವ ಕೆಲಸ ಬಹಳ ಇದೆ.

ಬೇರೆ ಕಡೆ ಕೂದಲು ಸರಿಯಾಗಿದ್ದರೂ ನೆತ್ತಿ ಮಾತ್ರ ಯಾಕೆ ಬಯಲಾಗಿ ಕಾಣುತ್ತದೆ?

ಕಾರಣ ಎರಡು. ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ. ನೆತ್ತಿ ಮತ್ತು ಹಣೆಯ ಮೂಲೆಗಳಲ್ಲಿರುವ ಕೂದಲ ಬೇರುಗಳಿಗೆ ಡಿಎಚ್‌ಟಿ ಎಂಬ ಗಂಡು ಹಾರ್ಮೋನು ಒಗ್ಗುವುದಿಲ್ಲ. ಆ ಕೂದಲು ಒಮ್ಮೆಲೇ ಹೋಗುವುದಿಲ್ಲ. ಪ್ರತಿ ಸಲ ಉದುರಿ ಹುಟ್ಟುವಾಗಲೂ ಮೊದಲಿಗಿಂತ ಸಪೂರವಾಗಿ, ಮೊದಲಿಗಿಂತ ಗಿಡ್ಡವಾಗಿ ಹುಟ್ಟುತ್ತದೆ. ಕಿವಿಯ ಮೇಲಿನ ಮತ್ತು ಹಿಂದಲೆಯ ಬೇರುಗಳಿಗೆ ಆ ತೊಂದರೆ ಅಷ್ಟಾಗಿ ಇಲ್ಲ.

ಎರಡನೆಯ ಕಾರಣವನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ಕಟಿಂಗ್ ಯಾವುದಿರಬೇಕು ಎಂದು ತೀರ್ಮಾನಿಸುವುದು ಅದೇ. ಹೆಂಚಿನ ಮಾಡನ್ನು ನೆನೆಸಿಕೊಳ್ಳಿ. ಮೇಲಿನ ಹೆಂಚು ಕೆಳಗಿನ ಹೆಂಚಿನ ತಲೆಯನ್ನು ಮುಚ್ಚುತ್ತಾ ಬರುತ್ತದೆ. ತಲೆಗೂದಲೂ ಹಾಗೆಯೇ, ಒಂದು ಕೂದಲು ಮಲಗಿ ಪಕ್ಕದ ಕೂದಲ ಬುಡವನ್ನು ಮುಚ್ಚುತ್ತದೆ. ಆದರೆ ಸುಳಿಯಿಂದ ಎಲ್ಲ ಕೂದಲೂ ಹೊರಗಡೆಗೆ ತಿರುಗಿ ಹೋಗುತ್ತವೆ. ಸುಳಿಯ ನಡುವನ್ನು ಮುಚ್ಚಲು ಅದರ ಹಿಂದೆ ಬೇರೆ ಕೂದಲೇ ಇಲ್ಲ. ಹದಿನೆಂಟರ ಹುಡುಗನ ತಲೆಯಲ್ಲೂ ಸುಳಿಯ ನಡುವೆ ಚುಕ್ಕೆಯಷ್ಟು ಚರ್ಮ ಕಾಣುತ್ತದೆ. ಅಲ್ಲಿನ ಕೂದಲು ಸಪೂರವಾದ ಕೂಡಲೇ ಆ ಚುಕ್ಕೆ ರೂಪಾಯಿಯಗಲವಾಗುತ್ತದೆ, ಆಮೇಲೆ ಅಂಗೈಯಗಲ.

ಹಾಗಾಗಿ ನೆತ್ತಿಯ ಕೂದಲನ್ನು ಮಲಗಿಸಿ ಮುಚ್ಚಲು ಹೊರಟರೆ ಸೋಲುವುದೇ ಸರಿ. ಅದು ಬುಡದಲ್ಲಿ ಸ್ವಲ್ಪ ಎದ್ದು, ಓರೆಯಾಗಿ ನಿಂತು ಪರಸ್ಪರ ಹೆಣೆದುಕೊಳ್ಳಬೇಕು. ಕೆಳಗೆ ಹೇಳುವುದೆಲ್ಲ ಆ ಒಂದು ಉದ್ದೇಶಕ್ಕೆ.

ಹಾಗಾದರೆ ನೆತ್ತಿಯಲ್ಲಿ ಉದ್ದ ಎಷ್ಟಿರಬೇಕು?

ನೆಟ್ಟಗಿನ ಕೂದಲಿಗೆ 2.5ರಿಂದ 3.5 ಸೆಂಟಿಮೀಟರ್. ನಿಮ್ಮ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗಿನ ಅಳತೆ ಸುಮಾರು ಅಷ್ಟೇ ಇರುತ್ತದೆ. ಅಂಗಡಿಯಲ್ಲಿ ತೋರಿಸಲು ಅದೇ ಸುಲಭ.

ಇದಕ್ಕಿಂತ ಉದ್ದ ಬಿಟ್ಟರೆ, ಅಂದರೆ ಆರೇಳು ಸೆಂಟಿಮೀಟರ್ ಆದರೆ, ಸಪೂರ ಕೂದಲು ತನ್ನ ಭಾರಕ್ಕೇ ಬೀಳುತ್ತದೆ. ಬೆವರು, ಜಿಡ್ಡು ಸೇರಿ ಹತ್ತಿಪ್ಪತ್ತು ಎಳೆ ಒಂದಕ್ಕೊಂದು ಅಂಟಿ ಕಡ್ಡಿಗಳಾಗುತ್ತವೆ. ಎರಡು ಕಡ್ಡಿಗಳ ನಡುವಿನ ಸಂದಿಯಲ್ಲಿ ಬುರುಡೆ ಗೆರೆ ಎಳೆದಂತೆ ಕಾಣುತ್ತದೆ. "ಉದ್ದ ಬಿಟ್ಟರೆ ಮುಚ್ಚುತ್ತೆ" ಎನ್ನುವ ಲೆಕ್ಕಾಚಾರ ತಪ್ಪುವುದು ಇಲ್ಲೇ.

ತೀರಾ ಗಿಡ್ಡವಾಗಿ, ಒಂದು ಸೆಂಟಿಮೀಟರಿಗೆ ಇಳಿಸಿದರೆ ಕೂದಲು ಬ್ರಷ್ಷಿನ ಹಾಗೆ ನೆಟ್ಟಗೆ ನಿಲ್ಲುತ್ತದೆ. ಮೇಲಿನಿಂದ ನೋಡುವವರಿಗೆ ಕಾಣುವುದು ಕೂದಲ ತುದಿ, ಅದರ ನಡುವೆ ನೇರವಾಗಿ ಚರ್ಮ. ಸುತ್ತಲಿನ ಕೂದಲು ಉದ್ದವಾಗಿದ್ದರೆ ನೆತ್ತಿ ಗುಂಡಿ ಬಿದ್ದಂತೆಯೂ ಕಾಣುತ್ತದೆ.

ಸೈಡ್ ಮತ್ತು ಹಿಂದೆ ಎಷ್ಟು ಇಳಿಸಬೇಕು?

ನೆತ್ತಿಗಿಂತ ಹೆಚ್ಚು ಗಮನ ಕೊಡಬೇಕಾದ್ದು ಇಲ್ಲಿ. ಕಣ್ಣು ನೆತ್ತಿಯನ್ನು ಅದರ ಪಕ್ಕದಲ್ಲಿರುವುದರ ಜೊತೆ ಹೋಲಿಸಿಯೇ ನೋಡುತ್ತದೆ. ಕಿವಿಯ ಮೇಲೆ ನಾಲ್ಕು ಸೆಂಟಿಮೀಟರ್ ದಟ್ಟ ಕೂದಲು ಉಬ್ಬಿಕೊಂಡಿದ್ದರೆ ಅದರ ಪಕ್ಕದ ನೆತ್ತಿ ಇರುವುದಕ್ಕಿಂತ ಬಡವಾಗಿ ಕಾಣುತ್ತದೆ. ಸೈಡ್ ಇಳಿಸಿದರೆ ಅದೇ ನೆತ್ತಿ ತುಂಬಿದ ಹಾಗೆ ಕಾಣುತ್ತದೆ, ನೆತ್ತಿಯ ಒಂದು ಕೂದಲನ್ನೂ ಮುಟ್ಟದೆ.

ಮಷೀನಿನ ಗಾರ್ಡ್ ಲೆಕ್ಕ ಹೀಗಿದೆ: 1 ಅಂದರೆ 3 ಮಿಲಿಮೀಟರ್, 2 ಅಂದರೆ 6, 3 ಅಂದರೆ 10, 4 ಅಂದರೆ 13. ಕಿವಿಯ ಬುಡದಲ್ಲಿ 2, ಅದರ ಮೇಲೆ 3, ತಲೆ ಒಳಕ್ಕೆ ಬಾಗುವ ಕಡೆ 4, ಅಲ್ಲಿಂದ ಮೇಲೆ ಕತ್ತರಿ. ಸೊನ್ನೆ ಮಷೀನ್ ಹಾಕಿ ಚರ್ಮ ಕಾಣುವ ಹಾಗೆ ಮಾಡುವ ಫೇಡ್ ಇಪ್ಪತ್ತೈದರ ಹುಡುಗರಿಗೆ ಚೆನ್ನ. ಐವತ್ತರ ಮುಖಕ್ಕೆ ಅದು ಒರಟಾಗುತ್ತದೆ ಎನ್ನುವುದು ನಮ್ಮ ಅಭಿಪ್ರಾಯ. ಮೇಲಾಗಿ ಅದು ಹತ್ತು ದಿನಕ್ಕೇ ಕೆಡುತ್ತದೆ.

ಹಿಂಭಾಗದಲ್ಲಿ ಒಂದು ಎಚ್ಚರಿಕೆ ಬೇಕು. ಸುಳಿಯ ನಡುವಿನಿಂದ ಕೆಳಕ್ಕೆ ನಾಲ್ಕು ಬೆರಳು ಅಡ್ಡ ಇಟ್ಟು ನೋಡಿ. ಮಷೀನ್ ಆ ಗೆರೆಯಿಂದ ಮೇಲೆ ಹೋಗಕೂಡದು. ತೆಳುವಾದ ಜಾಗದ ಕೆಳಗೆ ದಟ್ಟ ಕೂದಲಿನ ಒಂದು ಪಟ್ಟಿ ಇರುತ್ತದೆ. ನೆತ್ತಿಗೆ ಹಿಂದಿನಿಂದ ಆಕಾರ ಕೊಡುವುದು ಆ ಪಟ್ಟಿಯೇ. ಮಷೀನ್ ಅದನ್ನೂ ಸವರಿಬಿಟ್ಟರೆ ತೆಳು ನೆತ್ತಿ ಮತ್ತು ಗಿಡ್ಡ ಹಿಂದಲೆ ಎರಡೂ ಕೂಡಿ ಒಂದೇ ಬಯಲಾಗುತ್ತದೆ. ಮುಂದಿನ ಕನ್ನಡಿಯಲ್ಲಿ ಇದು ನಿಮಗೆ ಕಾಣುವುದಿಲ್ಲ, ಹಿಂದೆ ನಿಂತವರಿಗೆಲ್ಲ ಕಾಣುತ್ತದೆ.

ಅಂಗಡಿಯಲ್ಲಿ ಏನು ಹೇಳಬೇಕು? "ಮೀಡಿಯಂ" ಅಂದರೆ ಸಾಕೆ?

ಸಾಲದು. ಮೀಡಿಯಂ ಎಂದರೆ ಪ್ರತಿ ಅಂಗಡಿಯಲ್ಲೂ ಒಂದೊಂದು ಅಳತೆ. ಇಷ್ಟು ಹೇಳಿ: "ನೋಡಪ್ಪ, ಸೈಡ್ ಕೆಳಗೆ ಎರಡು, ಮೇಲೆ ಬರ್ತಾ ಮೂರು, ನಾಲ್ಕು. ಹಿಂದೆ ಮಷೀನ್ ಜಾಸ್ತಿ ಮೇಲೆ ತರಬೇಡ. ನೆತ್ತಿಗೆ ಬರೀ ಕತ್ತರಿ, ಇಷ್ಟು ಉದ್ದ ಇರಲಿ. ಥಿನ್ನಿಂಗ್ ಕತ್ತರಿ ಬೇಡ." ಕೊನೆಯ ಮಾತನ್ನು ಮರೆಯಬೇಡಿ.

ಹೋಗುವ ದಿನ ತಲೆಗೆ ಎಣ್ಣೆ ಇರಕೂಡದು. ಹಿಂದಿನ ದಿನ ಅಥವಾ ಬೆಳಗ್ಗೆ ತೊಳೆದು ಒಣಗಿಸಿಕೊಂಡು ಹೋಗಿ, ಇಲ್ಲವಾದರೆ ಸುಳಿ ಯಾವ ಕಡೆ ತಿರುಗಿದೆ ಎಂದು ಕತ್ತರಿಸುವವರಿಗೆ ತಿಳಿಯುವುದಿಲ್ಲ. ಭಾನುವಾರದ ನೂಕುನುಗ್ಗಲಲ್ಲಿ ಈ ಕೆಲಸಕ್ಕೆ ಬೇಕಾದ ಹತ್ತು ನಿಮಿಷ ಹೆಚ್ಚಿಗೆ ಯಾರಿಗೂ ಸಿಗುವುದಿಲ್ಲ. ನಮ್ಮ ಕಡೆ ಮಂಗಳವಾರ ಎಷ್ಟೋ ಅಂಗಡಿಗಳು ಮುಚ್ಚಿರುತ್ತವೆ, ಬುಧವಾರ ಅಥವಾ ಗುರುವಾರ ಬೆಳಗ್ಗೆ ಒಳ್ಳೆಯದು.

ನೆತ್ತಿಯನ್ನು ಕತ್ತರಿಸುವ ಸರಿಯಾದ ಕ್ರಮ ಇದು. ಮೊದಲು ಬಾಚಣಿಗೆಯಿಂದ ಕೂದಲನ್ನು ಅದು ಹುಟ್ಟಿದ ದಿಕ್ಕಿಗೇ ಬಾಚಬೇಕು. ಹೆಚ್ಚಿನವರಲ್ಲಿ ಅದು ಗಡಿಯಾರದ ಮುಳ್ಳಿನ ದಿಕ್ಕು. ಆಮೇಲೆ ಕಲ್ಲಂಗಡಿ ಹಣ್ಣು ಹೋಳು ಮಾಡಿದ ಹಾಗೆ ಸುಳಿಯ ಸುತ್ತ ಏಳೆಂಟು ಭಾಗ ಮಾಡಿಕೊಳ್ಳಬೇಕು. ಒಂದೊಂದು ಭಾಗವನ್ನೂ ಎರಡು ಬೆರಳ ನಡುವೆ ಹಿಡಿದು ನೆಟ್ಟಗೆ ಮೇಲಕ್ಕೆತ್ತಿ 3 ಸೆಂಟಿಮೀಟರಿಗೆ ಕತ್ತರಿಸಬೇಕು. ಒದ್ದೆ ಕೂದಲು ಒಣಗಿದಾಗ ಸ್ವಲ್ಪ ಮೇಲೇಳುತ್ತದೆ, ಆದ್ದರಿಂದ ಮೊದಲ ಸುತ್ತಿನಲ್ಲಿ ಅರ್ಧ ಸೆಂಟಿಮೀಟರ್ ಜಾಸ್ತಿಯೇ ಬಿಡುವುದು ಕ್ಷೇಮ. ಕೊನೆಗೆ ಒಣಗಿಸಿ, ಕತ್ತರಿಯ ಮೂತಿಯನ್ನು ಕೂದಲಿನ ಉದ್ದಕ್ಕೆ ಹಿಡಿದು ತುದಿಗಳನ್ನಷ್ಟೇ ಅರ್ಧ ಸೆಂಟಿಮೀಟರಿನೊಳಗೆ ಚುಚ್ಚಿ ಚುಚ್ಚಿ ಕತ್ತರಿಸಬೇಕು. ಆಗ ತುದಿಗಳು ಒಂದೇ ಸಮ ಇರದೆ ಒಂದರೊಳಗೊಂದು ಸೇರಿಕೊಳ್ಳುತ್ತವೆ.

ಮುಂದಲೆಯಲ್ಲಿ 4ರಿಂದ 5 ಸೆಂಟಿಮೀಟರ್ ಬಿಡಬಹುದು. ಅಲ್ಲಿಂದ ನೆತ್ತಿಯವರೆಗೆ ಅಳತೆ ನಿಧಾನವಾಗಿ ಇಳಿಯುತ್ತಾ ಬರಬೇಕು, ಮೆಟ್ಟಿಲು ಇರಬಾರದು.

ಥಿನ್ನಿಂಗ್ ಕತ್ತರಿ ಯಾಕೆ ಬೇಡ? ಅದರಿಂದ ಕೂದಲು ಹಗುರವಾಗಿ ಎದ್ದು ನಿಲ್ಲುತ್ತದಂತೆ.

ದಟ್ಟ ಕೂದಲಿಗೆ ಆ ಮಾತು ನಿಜ. ಹಲ್ಲುಹಲ್ಲಿನ ಆ ಕತ್ತರಿ ಒಂದಷ್ಟು ಎಳೆಗಳನ್ನು ಬಿಟ್ಟು ಒಂದಷ್ಟನ್ನು ಬುಡದ ಹತ್ತಿರ ಕತ್ತರಿಸುತ್ತದೆ. ನೆತ್ತಿಯಲ್ಲಿ ಮುಚ್ಚುವುದಕ್ಕೆ ಇರುವುದೇ ಕೆಲವು ಎಳೆ, ಅದರಲ್ಲಿ ನಾಲ್ಕನೆಯ ಒಂದು ಪಾಲು ಹೋದರೆ ಆ ಜಾಗ ಅಂದೇ ಬಯಲು. ರೇಜರಿನಿಂದ ತುದಿ ಸವರುವುದೂ ಬೇಡ, ಸಪೂರ ಕೂದಲಿನ ತುದಿ ಇನ್ನೂ ಸಪೂರವಾಗುತ್ತದೆ. ಕಿವಿಯ ಮೇಲೆ ಕೂದಲು ಉಬ್ಬಿದ್ದರೆ ಅಲ್ಲಿ ಥಿನ್ನಿಂಗ್ ಧಾರಾಳವಾಗಿ ಮಾಡಲಿ.

ಒಬ್ಬರ ತಲೆಯನ್ನು ಇಟ್ಟುಕೊಂಡು ಇದನ್ನೆಲ್ಲ ವಿವರಿಸಬಹುದೆ?

54 ವರ್ಷದವರೊಬ್ಬರು ಎಂದುಕೊಳ್ಳೋಣ. ಎಡಗಡೆ ಬೈತಲೆ, ಮೇಲೆ 7 ಸೆಂಟಿಮೀಟರ್, ಸೈಡ್ 4 ಸೆಂಟಿಮೀಟರ್. ದಿನಾ ಕೊಬ್ಬರಿ ಎಣ್ಣೆ. ತಿಂಗಳಿಗೊಮ್ಮೆ ಅಚ್ಚ ಕಪ್ಪು ಡೈ. ಸುಳಿ ನಡುವಿನಿಂದ ಸ್ವಲ್ಪ ಬಲಕ್ಕಿದೆ. ತೆಳುವಾದ ಜಾಗ ಅಡ್ಡಕ್ಕೆ 6 ಸೆಂಟಿಮೀಟರ್. ಟ್ಯೂಬ್‌ಲೈಟ್ ಕೆಳಗೆ ಕೂತರೆ ಅದು ಹೊಳೆಯುತ್ತದೆ, ಅದನ್ನು ಮುಚ್ಚಲು ಅವರು ಎಡದ ಕೂದಲನ್ನು ಬಲಕ್ಕೆ, ಹಿಂದಕ್ಕೆ ಎಳೆದು ಬಾಚುತ್ತಾರೆ.

ಇವರ ಕೂದಲು ಕಡಿಮೆಯಾದಷ್ಟೇ ಹಾನಿಯನ್ನು ಆ ಬಾಚುವಿಕೆಯೂ ಮಾಡುತ್ತಿದೆ. ಬೈತಲೆ ಎಂದರೆ ಚರ್ಮದ ಒಂದು ಗೆರೆ. ಅದು ಹಿಂದಕ್ಕೆ ಹೋಗಿ ನೇರವಾಗಿ ತೆಳು ಜಾಗವನ್ನು ಮುಟ್ಟುತ್ತದೆ. ಎರಡೂ ಸೇರಿ ಬೋಳು ದೊಡ್ಡದಾಗಿ ಕಾಣುತ್ತದೆ. ಸುಳಿಯ ದಿಕ್ಕಿಗೆ ಎದುರಾಗಿ ಎಳೆದ ಉದ್ದ ಕೂದಲು ಅರ್ಧ ಗಂಟೆಯಲ್ಲಿ ಜಾರಿ ಬೀಳುತ್ತದೆ.

ಇವರಿಗೆ ಮಾಡಬೇಕಾದ ಕಟಿಂಗ್: ಸೈಡ್ 2, 3, 4. ಹಿಂದೆ ಸುಳಿಯ ನಡುವಿನಿಂದ ನಾಲ್ಕು ಬೆರಳು ಕೆಳಗೆ ಮಷೀನ್ ನಿಲ್ಲಬೇಕು. ನೆತ್ತಿ 3 ಸೆಂಟಿಮೀಟರ್, ಮುಂದಲೆ 4.5. ಬೈತಲೆ ತೆಗೆಯದೆ, ಸುಳಿ ತಿರುಗುವ ಕಡೆಗೇ ಮೇಲಿನ ಕೂದಲನ್ನು ಬೆರಳಿನಿಂದ ಮುಂದಕ್ಕೆ ತಂದು ಮುಂದಲೆಯಲ್ಲಿ ಒಂದು ಪಕ್ಕಕ್ಕೆ ಎತ್ತಬೇಕು. ಎಣ್ಣೆಯನ್ನು ವಾರಕ್ಕೆ ಒಂದು ರಾತ್ರಿಗೆ ಇಳಿಸಬೇಕು. ಡೈ ಅಚ್ಚ ಕಪ್ಪಿನಿಂದ ಗಾಢ ಕಂದಿಗೆ ಬದಲಾಗಬೇಕು.

ಒಂದು ಮಾತು ಮೊದಲೇ ತಿಳಿದಿರಲಿ: ಎಷ್ಟೋ ವರ್ಷ ಒಂದೇ ಕಡೆ ಬಾಚಿದ ಕೂದಲು ಹೊಸ ದಿಕ್ಕಿಗೆ ಮೊದಲ ವಾರ ಒಗ್ಗುವುದಿಲ್ಲ. ಕಟಿಂಗ್ ಸರಿಯಾಯಿತೋ ಇಲ್ಲವೋ ಎಂದು ಎರಡು ವಾರದ ಮೇಲೆ ತೀರ್ಮಾನಿಸಿ.

ಸರಿಯಾಗಿ ಆಗಿದೆಯೇ ಎಂದು ಕುರ್ಚಿಯಿಂದ ಏಳುವ ಮೊದಲು ತಿಳಿಯುವುದು ಹೇಗೆ?

ಕೂದಲು ಪೂರ್ತಿ ಒಣಗಿದ ಮೇಲೆ ಕೈಗನ್ನಡಿ ಹಿಂದೆ ಹಿಡಿಯಲು ಹೇಳಿ. ಅದಕ್ಕಿಂತ ಒಳ್ಳೆಯದು, ಮೊಬೈಲಿನಲ್ಲಿ ಹಿಂದಿನಿಂದ ಮೇಲ್ಗಡೆ ಒಂದು ಫೋಟೋ ತೆಗೆಸುವುದು. ಅದರಲ್ಲಿ ಎರಡು ಅಂಶ ನೋಡಿ. ತೆಳು ಜಾಗದ ಅಂಚು ಸುತ್ತಲಿನ ಕೂದಲಿನೊಳಗೆ ಕರಗಿದೆಯೇ, ಅಥವಾ ಗೆರೆ ಎಳೆದಂತೆ ನಿಂತಿದೆಯೇ? ಕಿವಿಗಳ ಮೇಲೆ ಎರಡೂ ಪಕ್ಕ ಉಬ್ಬು ಉಳಿದಿದೆಯೇ? ಗೆರೆ ಕಂಡರೆ ಸುತ್ತಲಿನದನ್ನು ಇನ್ನಷ್ಟು ಹೊಂದಿಸಬೇಕು. ಉಬ್ಬು ಇದ್ದರೆ ಅಣಬೆಯ ಆಕಾರ ಬರುತ್ತದೆ, ಅದನ್ನು ಅಲ್ಲೇ ಇಳಿಸಬಹುದು. ಒಳ್ಳೆಯ ಫಲಿತಾಂಶ ಬಂದರೆ ಆ ಫೋಟೋ ಇಟ್ಟುಕೊಳ್ಳಿ, ಮುಂದಿನ ಸಲ ಅದನ್ನೇ ತೋರಿಸಿದರೆ ಮಾತೇ ಬೇಕಾಗುವುದಿಲ್ಲ.

ನೆತ್ತಿಯನ್ನು ತೀರಾ ಗಿಡ್ಡ ಮಾಡಿಬಿಟ್ಟರು. ಈಗ ಏನು ಮಾಡಲಿ?

ತಲೆಗೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ. 1.5 ಸೆಂಟಿಮೀಟರಿಗೆ ಇಳಿದ ನೆತ್ತಿ 3ಕ್ಕೆ ಬರಲು ಆರೇಳು ವಾರ ಬೇಕು, ಸಪೂರ ಕೂದಲು ಇನ್ನೂ ನಿಧಾನ. ಅಲ್ಲಿಯವರೆಗೆ ಸುತ್ತಲಿನದನ್ನು ಗಿಡ್ಡ ಇಟ್ಟುಕೊಳ್ಳುವುದೊಂದೇ ದಾರಿ. ಮೂರನೆಯ ವಾರ ಸೈಡ್ ಮತ್ತು ಹಿಂದೆ ಮಾತ್ರ ಇಳಿಸಿಕೊಂಡು ಬನ್ನಿ, "ಮೇಲೆ ಕೈ ಹಾಕಬೇಡ" ಎಂದು ಹೇಳಿ.

ನನ್ನದು ಗುಂಗುರು ಕೂದಲು. ಅಳತೆ ಅದೇ ಇರಬೇಕೆ?

ನಿಮ್ಮ ಕೆಲಸ ಸುಲಭ. ಗುಂಗುರು ಕೂದಲಿನ ಒಂದೊಂದು ಎಳೆಯೂ ನೆಟ್ಟಗಿನ ಎಳೆಗಿಂತ ಹೆಚ್ಚು ಜಾಗ ಮುಚ್ಚುತ್ತದೆ, ಬುಡದಲ್ಲಿ ತಾನಾಗಿಯೇ ಎದ್ದಿರುತ್ತದೆ. ನೆತ್ತಿಯಲ್ಲಿ 4ರಿಂದ 5 ಸೆಂಟಿಮೀಟರ್ ಬಿಡಬಹುದು. ಆದರೆ ಒಣಗಿದ ಮೇಲೆಯೇ ಕತ್ತರಿಸಬೇಕು. ಒದ್ದೆಯಾಗಿದ್ದಾಗ ಎಳೆದು ಕತ್ತರಿಸಿದರೆ ಒಣಗಿ ಸುರುಳಿಯಾದಾಗ ಅರ್ಧಕ್ಕೆ ಇಳಿದಿರುತ್ತದೆ. ಸಣ್ಣ ಹಲ್ಲಿನ ಬಾಚಣಿಗೆ ಬಿಟ್ಟುಬಿಡಿ, ಅದು ಗುಂಗುರನ್ನು ಬಿಡಿಸಿ ಚೆದುರಿಸುತ್ತದೆ.

ನನಗೆ ಎರಡು ಸುಳಿ ಇದೆ.

ಎರಡು ಸುಳಿಗೆ ಎರಡು ಮದುವೆ ಎನ್ನುವುದು ಅಜ್ಜಿಯರ ಮಾತು. ಕತ್ತರಿಗೆ ಸಂಬಂಧಿಸಿದ ಮಾತು ಇಷ್ಟೇ: ಎರಡು ಸುಳಿಯ ನಡುವೆ ಕೂದಲು ಎದುರುಬದುರಾಗಿ ಬಂದು ಜುಟ್ಟಿನಂತೆ ನಿಲ್ಲುತ್ತದೆ. ಅಲ್ಲಿ 3.5 ಸೆಂಟಿಮೀಟರಿಗಿಂತ ಕಡಿಮೆ ಮಾಡಿಸಬೇಡಿ, ಸ್ವಲ್ಪ ಭಾರ ಇದ್ದರೇ ಅದು ಕೂರುವುದು.

ತಲೆಗೆ ಎಣ್ಣೆ ಹಚ್ಚದಿದ್ದರೆ ಇರುವುದೂ ಉದುರುವುದಿಲ್ಲವೆ?

ಇಲ್ಲ. ಕೊಬ್ಬರಿ ಎಣ್ಣೆ ಕೂದಲ ಎಳೆಗೆ ಒಳ್ಳೆಯದು, ತೊಳೆಯುವಾಗ ಅದು ಹಾಳಾಗುವುದನ್ನು ಕಡಿಮೆ ಮಾಡುತ್ತದೆ. ಆದರೆ ಡಿಎಚ್‌ಟಿಯಿಂದ ಬೇರು ಸೊರಗುವುದನ್ನು ಎಣ್ಣೆ ತಡೆಯುವುದಿಲ್ಲ. ಎಣ್ಣೆ ಹಚ್ಚಿಕೊಂಡು ಹೊರಗೆ ಹೋದರೆ ಎಳೆಗಳು ಅಂಟಿಕೊಂಡು ಸಂದಿ ಬಿಡುತ್ತವೆ, ಬುರುಡೆಯೂ ಹೊಳೆಯುತ್ತದೆ. ಹಚ್ಚುವ ಅಭ್ಯಾಸ ಬಿಡಲಾಗದಿದ್ದರೆ ರಾತ್ರಿ ಒಂದು ಚಮಚದಷ್ಟು ಹಚ್ಚಿ, ಬೆಳಗ್ಗೆ ಶಾಂಪೂ ಹಾಕಿ ತೊಳೆಯಿರಿ.

ಬೆಳಗ್ಗೆ ಮನೆಯಲ್ಲಿ ಹೇಗೆ ಬಾಚಿಕೊಳ್ಳಬೇಕು?

ತಲೆ ತೊಳೆದ ಮೇಲೆ ಟವೆಲಿನಿಂದ ಒತ್ತಿ ನೀರು ತೆಗೆಯಿರಿ, ತಿಕ್ಕಬೇಡಿ. ಕೂದಲು ಮುಕ್ಕಾಲು ಭಾಗ ಒಣಗಿದಾಗ ಡ್ರೈಯರ್ ಮಧ್ಯಮ ಬಿಸಿಗೆ ಇಟ್ಟು, ತಲೆಯಿಂದ ಒಂದು ಗೇಣು ದೂರ ಹಿಡಿದು, ನೆತ್ತಿಯ ಕೂದಲನ್ನು ಬೆರಳಿನಿಂದ ಮೊದಲು ಸುಳಿಯ ದಿಕ್ಕಿಗೆ ಎದುರಾಗಿ ಒಂದು ನಿಮಿಷ ಒಣಗಿಸಿ, ಆಮೇಲೆ ದಿಕ್ಕಿಗೆ ಸರಿಯಾಗಿ ಅರ್ಧ ನಿಮಿಷ. ಎದುರು ಒಣಗಿಸಿದಾಗ ಬುಡ ಎದ್ದು ನಿಲ್ಲುತ್ತದೆ, ಸರಿ ದಿಕ್ಕಿಗೆ ತಂದಾಗ ತುದಿ ಮಾತ್ರ ಮಲಗುತ್ತದೆ. ನಮಗೆ ಬೇಕಾದ ಓರೆ ಅದೇ. ಡ್ರೈಯರ್ ಇಲ್ಲದಿದ್ದರೆ ಫ್ಯಾನಿನ ಕೆಳಗೆ ಕೂತು ಬೆರಳಾಡಿಸಿದರೂ ಆಗುತ್ತದೆ, ಐದಾರು ನಿಮಿಷ ಹೆಚ್ಚು ಬೇಕು.

ಜೆಲ್ ಬೇಡ. ಅದು ಒದ್ದೆ ಕೂದಲಿನ ನೋಟವನ್ನೇ ದಿನವಿಡೀ ಉಳಿಸುತ್ತದೆ. ಹೊಳಪಿಲ್ಲದ ಕ್ಲೇ ಅಥವಾ ಮ್ಯಾಟ್ ವ್ಯಾಕ್ಸ್ ತೊಗರಿ ಕಾಳಿನಷ್ಟು ತೆಗೆದುಕೊಂಡು, ಅಂಗೈಯಲ್ಲಿ ಪೂರ್ತಿ ಕರಗುವವರೆಗೆ ಉಜ್ಜಿ, ಮೊದಲು ಮುಂದಲೆಗೆ ಹಚ್ಚಿ. ಕೈಯಲ್ಲಿ ಉಳಿದದ್ದಷ್ಟೇ ನೆತ್ತಿಗೆ. ಮೊದಲೇ ನೆತ್ತಿಗೆ ಹಚ್ಚಿದರೆ ಅಲ್ಲಿ ಮುದ್ದೆಯಾಗಿ ಕೂದಲು ಕುಸಿಯುತ್ತದೆ.

ಡೈ ಹಾಕಿದರೆ ತುಂಬಿದ ಹಾಗೆ ಕಾಣುತ್ತದೆಯೆ?

ಬಣ್ಣದ ಮೇಲೆ ಹೋಗುತ್ತದೆ. ಬಿಸಿಲು ಕಾಣದ ಬುರುಡೆ ನಮ್ಮ ಮುಖಕ್ಕಿಂತ ತಿಳಿಯಾಗಿರುತ್ತದೆ. ಅದರ ಮೇಲೆ ಅಚ್ಚ ಕಪ್ಪು ಕೂದಲು ಇದ್ದರೆ ಪ್ರತಿಯೊಂದು ಸಂದಿಯೂ ಎದ್ದು ಕಾಣುತ್ತದೆ. ಗಾಢ ಕಂದು ಬಣ್ಣ ಆ ಅಂತರವನ್ನು ತಗ್ಗಿಸುತ್ತದೆ. ನರೆತ ಕೂದಲನ್ನು ಹಾಗೇ ಬಿಟ್ಟರೆ ಇನ್ನೂ ಒಳ್ಳೆಯದು ಎನ್ನಿಸುವ ತಲೆಗಳು ಬಹಳ ಇವೆ. ಬಿಳಿ, ಬೂದು ಕೂದಲು ಮತ್ತು ತಿಳಿ ಚರ್ಮದ ನಡುವೆ ವ್ಯತ್ಯಾಸವೇ ಕಡಿಮೆ. ಡೈ ಹಾಕುವುದೇ ಆದರೆ ಹೊಸ ಪ್ಯಾಕೆಟ್ಟಿನದನ್ನು ಮೊದಲು ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ನೋಡಿ. ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಮುಖ ಬಾಯುವಷ್ಟು ಅಲರ್ಜಿ ಮಾಡುತ್ತದೆ, ಎಷ್ಟೋ ವರ್ಷ ಹಚ್ಚಿದ ಮೇಲೂ ಅದು ಹೊಸದಾಗಿ ಶುರುವಾಗಬಹುದು.

ನೆತ್ತಿಗೆ ಉದುರಿಸುವ ಫೈಬರ್ ಪುಡಿ ಉಪಯೋಗಿಸಬಹುದೆ?

ಕಟಿಂಗ್ ಸರಿಯಾದ ಮೇಲೆ, ಮದುವೆ ಮುಂಜಿಯಂಥ ದಿನಕ್ಕೆ ಉಪಯೋಗಿಸಬಹುದು. ಅದು ಕೂದಲಿಗೆ ಅಂಟಿಕೊಳ್ಳುವ ಪುಡಿ, ಚರ್ಮಕ್ಕಲ್ಲ. ಆದ್ದರಿಂದ ಒಂದಷ್ಟು ಕೂದಲು ಉಳಿದಿರುವ ಜಾಗದಲ್ಲೇ ಅದು ನಿಲ್ಲುತ್ತದೆ. ತಲೆ ಪೂರ್ತಿ ಒಣಗಿರಬೇಕು, ಕ್ಲೇ ಹಚ್ಚುವುದಿದ್ದರೆ ಪುಡಿಗಿಂತ ಮೊದಲು ಹಚ್ಚಿರಬೇಕು. ಬುಡದ ಕೂದಲಿನ ಬಣ್ಣಕ್ಕೆ ಹೊಂದುವ ಪುಡಿ ಆರಿಸಿ. ಮಳೆಯಲ್ಲಿ, ಜೋರು ಬೆವರಿನಲ್ಲಿ ಅದು ಗೆರೆಗೆರೆಯಾಗಿ ಇಳಿಯಬಹುದು. ಕರಾವಳಿಯ ಏಪ್ರಿಲ್ ಸೆಕೆಗೆ ನಾವು ಅದನ್ನು ಹೇಳುವುದಿಲ್ಲ.

ದಿನಾ ಹೆಲ್ಮೆಟ್ ಹಾಕುತ್ತೇನೆ. ಎಲ್ಲ ಚಪ್ಪಟೆಯಾಗುತ್ತದೆ.

ಹೆಲ್ಮೆಟ್ಟಿನಿಂದ ಈ ಬಗೆಯ ಬೋಳು ಬರುವುದಿಲ್ಲ, ಆದರೆ ಬೆವರು ಮತ್ತು ಒತ್ತಡಕ್ಕೆ ಬುಡ ಮಲಗುತ್ತದೆ. ಒಳಗೆ ತೆಳುವಾದ ಹತ್ತಿ ಟೋಪಿ ಹಾಕಿ. ತೆಗೆದ ಮೇಲೆ ಬಾಚಣಿಗೆ ಮುಟ್ಟದೆ, ಎರಡು ನಿಮಿಷ ಬೆವರು ಆರಲು ಬಿಟ್ಟು, ಬೆರಳ ತುದಿಯನ್ನು ಬುರುಡೆಗೆ ತಾಗಿಸಿ ಹಿಂದಿನಿಂದ ಮುಂದಕ್ಕೆ ಆಡಿಸಿ. 3 ಸೆಂಟಿಮೀಟರಿನ ಕೂದಲು ಅಷ್ಟಕ್ಕೇ ಎದ್ದು ಬರುತ್ತದೆ. 7 ಸೆಂಟಿಮೀಟರಿನದು ಏಳುವುದಿಲ್ಲ.

ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದರೆ ದಟ್ಟವಾಗಿ ಬರುತ್ತದೆ ಎನ್ನುತ್ತಾರೆ. ನಿಜವೆ?

ಹರಕೆ ಇದ್ದರೆ ಕೊಟ್ಟು ಬನ್ನಿ, ದಟ್ಟವಾಗಲಿ ಎಂದು ಬೇಡ. ಬೋಳಿಸಿದ ಕೂದಲಿನ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ಸಿಗುತ್ತದೆ. ಬೇರಿನ ಸಂಖ್ಯೆಯಾಗಲಿ ಎಳೆಯ ದಪ್ಪವಾಗಲಿ ಬದಲಾಗುವುದಿಲ್ಲ. ಮುಡಿ ಕೊಟ್ಟ ನಂತರ ಎರಡನೆಯ ತಿಂಗಳು ಕಷ್ಟದ್ದು: ಸೈಡ್ ಮತ್ತು ಹಿಂದೆ ಕಪ್ಪಗೆ ತುಂಬಿರುತ್ತದೆ, ನೆತ್ತಿ ಹಿಂದೆ ಬಿದ್ದಿರುತ್ತದೆ. ಆರನೆಯ ವಾರದಿಂದಲೇ ಸೈಡಿಗೆ 2 ಅಥವಾ 3 ಹಾಕಿಸುತ್ತಾ ಬಂದು ನೆತ್ತಿಯನ್ನು ಮಾತ್ರ ಬೆಳೆಯಲು ಬಿಡಿ.

ಔಷಧಿ ಶುರು ಮಾಡಿದ್ದೇನೆ. ಕಟಿಂಗ್ ಬದಲಿಸಬೇಕೆ?

ಹಚ್ಚುವ ಮಿನಾಕ್ಸಿಡಿಲ್ ಆದರೆ ಮೊದಲ ಒಂದೆರಡು ತಿಂಗಳು ಕೂದಲು ಉದುರುವುದು ಹೆಚ್ಚಾಗಬಹುದು, ಗುಣ ಕಾಣಲು ನಾಲ್ಕು ತಿಂಗಳಾದರೂ ಬೇಕು. ಆ ಅವಧಿಯಲ್ಲಿ ನೆತ್ತಿಯನ್ನು 2.5 ಸೆಂಟಿಮೀಟರಿನಲ್ಲೇ ಇಟ್ಟುಕೊಳ್ಳಿ. ಔಷಧಿ ಕೂದಲಿಗೆ ಹತ್ತದೆ ಬುಡಕ್ಕೆ ಸೇರಲೂ ಅದು ಅನುಕೂಲ. ಫಿನಾಸ್ಟರೈಡ್ ಮಾತ್ರೆಯನ್ನು ಚರ್ಮದ ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ. ಐವತ್ತು ದಾಟಿದವರಿಗೆ ಇನ್ನೊಂದು ಮಾತು: ಪ್ರಾಸ್ಟೇಟ್ ಪರೀಕ್ಷೆಗೆ ಮಾಡಿಸುವ ಪಿಎಸ್‌ಎ ಸಂಖ್ಯೆಯನ್ನು ಈ ಮಾತ್ರೆ ಸುಮಾರು ಅರ್ಧಕ್ಕೆ ಇಳಿಸುತ್ತದೆ. ಮಾತ್ರೆ ನುಂಗುತ್ತಿದ್ದೀರಿ ಎಂದು ರಕ್ತಪರೀಕ್ಷೆ ನೋಡುವ ವೈದ್ಯರಿಗೆ ಹೇಳಲೇಬೇಕು.

ನಾಣ್ಯದ ಹಾಗೆ ದುಂಡಗೆ, ನುಣ್ಣಗೆ ಒಮ್ಮೆಲೇ ಕೂದಲು ಹೋಗಿದ್ದರೆ, ತುರಿಕೆ, ಹೊಟ್ಟು, ಕೀವು ಇದ್ದರೆ ಅಥವಾ ಜ್ವರ ಬಂದು ಎರಡು ಮೂರು ತಿಂಗಳಿಗೆ ತಲೆಯೆಲ್ಲ ಉದುರುತ್ತಿದ್ದರೆ ಅದು ಬೇರೆ ತೊಂದರೆ. ಮೊದಲು ವೈದ್ಯರ ಹತ್ತಿರ ಹೋಗಿ, ಆಮೇಲೆ ಕಟಿಂಗ್.

ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕು?

ಮೂರರಿಂದ ನಾಲ್ಕು ವಾರ. ಸೈಡ್ ಬೇಗ ತುಂಬುತ್ತದೆ, ನೆತ್ತಿ ಹಿಂದುಳಿಯುತ್ತದೆ. ಐದನೆಯ ವಾರಕ್ಕೆ ಎಷ್ಟೇ ಒಳ್ಳೆಯ ಕಟಿಂಗ್ ಆದರೂ ಅಣಬೆಯಾಗುತ್ತದೆ. ಒಂದು ಬಿಟ್ಟು ಒಂದು ಸಲ ಸೈಡ್ ಮತ್ತು ಹಿಂದೆ ಮಾತ್ರ ಇಳಿಸಿಕೊಂಡರೂ ಸಾಕು.

ಈ ಕಟಿಂಗ್ ಎಲ್ಲಿಯವರೆಗೆ ನಡೆಯುತ್ತದೆ? ಯಾವಾಗ ಬಿಡಬೇಕು?

ತೊಳೆದು ಒಣಗಿಸಿ, ಬುಡ ಎತ್ತಿ ನಿಲ್ಲಿಸಿದ ಮೇಲೂ ಮನೆಯ ದೀಪದ ಕೆಳಗೆ ತೆಗೆದ ಫೋಟೋದಲ್ಲಿ ನೆತ್ತಿಯ ಚರ್ಮ ಹೊಳೆದರೆ, ಅಥವಾ ನೆತ್ತಿಯ ತೆಳು ಜಾಗ ಮುಂದಲೆಯ ಮೂಲೆಗಳನ್ನು ಕೂಡಿಕೊಂಡರೆ ಈ ಉಪಾಯದ ಅವಧಿ ಮುಗಿದಿದೆ. ಆಗ 3 ಸೆಂಟಿಮೀಟರಿನ ಕೂದಲು ಮುಚ್ಚುವುದಕ್ಕಿಂತ ತೋರಿಸುವುದೇ ಹೆಚ್ಚು.

ಅಲ್ಲಿಂದ ಮುಂದೆ ತಲೆಯೆಲ್ಲ ಒಂದೇ ಸಮ ಗಿಡ್ಡ ಮಾಡಿಸುವುದು ಒಳ್ಳೆಯದು, ಆದರೆ ಒಂದೇ ದಿನ ಬೇಡ. ಮೊದಲ ಸಲ ಮೇಲೆ 4, ಸೈಡ್ 2. ಮೂರು ವಾರದ ಮೇಲೆ ಮೇಲೆ 3, ಸೈಡ್ 1. ಆಮೇಲೆ ಮೇಲೆ 2, ಸೈಡ್ 1, ಅಲ್ಲಿ ನಿಲ್ಲಿಸಿ. ಮೇಲಿನದಕ್ಕಿಂತ ಸೈಡ್ ಯಾವಾಗಲೂ ಗಿಡ್ಡ ಇರಬೇಕು, ಏಕೆಂದರೆ ಒಂದೇ ಗಾರ್ಡಿನಲ್ಲಿ ದಟ್ಟ ಸೈಡ್ ಹೆಚ್ಚು ಕಪ್ಪಾಗಿ ಕಾಣುತ್ತದೆ. ಗಡ್ಡ ಬಿಡುವ ಅಭ್ಯಾಸವಿದ್ದರೆ 3ರಿಂದ 5 ಮಿಲಿಮೀಟರ್ ಇಟ್ಟು, ಕಿವಿಯ ಪಕ್ಕದಲ್ಲಿ ತಲೆಗೂದಲಿಗೆ ಸೇರುವ ಕಡೆ ಅದನ್ನು ಸೈಡಿನ ಅಳತೆಗೇ ಹೊಂದಿಸಿ. ಇಷ್ಟು ಗಿಡ್ಡವಾದ ಮೇಲೆ ನೆತ್ತಿಗೆ ಬಿಸಿಲು ನೇರ ಬೀಳುತ್ತದೆ. ಹೊರಗೆ ಹೋಗುವಾಗ ಟೋಪಿ ಇರಲಿ, ಅಲ್ಲಿ ವಾಸಿಯಾಗದ ಹುಣ್ಣೋ ಒರಟು ಕಲೆಯೋ ಕಂಡರೆ ಚರ್ಮದ ವೈದ್ಯರಿಗೆ ತೋರಿಸಿ. ಕಟಿಂಗ್ ಮಾಡುವವರಿಗೂ ಹೇಳಿಟ್ಟಿರಿ, ನಿಮ್ಮ ನೆತ್ತಿಯನ್ನು ತಿಂಗಳು ತಿಂಗಳೂ ಹತ್ತಿರದಿಂದ ನೋಡುವವರು ಅವರೊಬ್ಬರೇ.